ಬ್ರಾಮ್ಸ್‌ನ ಆರು ಹೆಜ್ಜೆಗೆ ರೋಮನ್ ಅಂಕಿಯೋ, ಟೊನ್ನೆಟ್ಸೋ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಟೊನ್ನೆಟ್ಸ್‌ಗೆ, ಅಂದರೆ ಕಾರ್ಡ್‌ಗಳ ನಂಟು ತೋರಿಸುವ ಸ್ವರಗಳ ನಕ್ಷೆಗೆ. ಪ್ರತಿ ಕಾರ್ಡ್ ಸ್ಕೇಲಿನ ಎಷ್ಟನೇ ಸ್ವರದ ಮೇಲೆ ನಿಂತಿದೆ ಅಂತ ರೋಮನ್ ಅಂಕಿಯಲ್ಲಿ ಬರೆಸುವ ಹಾರ್ಮನಿ ಕೋರ್ಸಿಗೆ ದುಡ್ಡು ಕಟ್ಟಿದ ಮೇಲೆ ಬಂದ ಬುದ್ಧಿ ಇದು.

ಎರಡನ್ನೂ ಒಂದೇ ಜಾಗದಲ್ಲಿ ಪರೀಕ್ಷಿಸಿದೆ. ಬ್ರಾಮ್ಸ್ 1887ರಲ್ಲಿ ಬರೆದ ವಯಲಿನ್–ಚೆಲ್ಲೊ ಡಬಲ್ ಕನ್ಸರ್ಟೊದ ಮೊದಲ ಭಾಗದಲ್ಲಿ, 270ನೇ ಬಾರ್‌ನ ಆಸುಪಾಸು. ಅಲ್ಲಿ ಟ್ರಯಾಡ್‌ಗಳು, ಅಂದರೆ ಮೂರು ಸ್ವರದ ಕಾರ್ಡ್‌ಗಳು, ಹೀಗೆ ಸಾಗುತ್ತವೆ: ಎ ಫ್ಲಾಟ್ ಮೇಜರ್, ಎ ಫ್ಲಾಟ್ ಮೈನರ್, ಇ ಮೇಜರ್, ಇ ಮೈನರ್, ಸಿ ಮೇಜರ್, ಸಿ ಮೈನರ್, ಮತ್ತೆ ಎ ಫ್ಲಾಟ್ ಮೇಜರ್.

ರೋಮನ್ ಅಂಕಿಯಲ್ಲಿ ತಲೆನೋವು ಇಲ್ಲೇ ಶುರು. ಇ ಮೇಜರನ್ನು ಎ ಫ್ಲಾಟ್‌ನ 'ಫ್ಲಾಟ್ ಆರು', ಅಂದರೆ ಅರ್ಧ ಮೆಟ್ಟಿಲು ಇಳಿಸಿದ ಆರನೇ ಸ್ವರದ ಕಾರ್ಡ್, ಅಂತ ಬರೆಯಬೇಕು. ಆದರೆ ಆಗ ಅದು ಇ ಅಲ್ಲ, ಎಫ್ ಫ್ಲಾಟ್. ಅದರ ಫ್ಲಾಟ್ ಆರು ಅಂದ್ರೆ ಡಿ ಡಬಲ್ ಫ್ಲಾಟ್, ಅಂದರೆ ಕಿವಿಗೆ ಕೇಳುವ ಸಿ. ಅದರ ಫ್ಲಾಟ್ ಆರು? ಬಿ ಮೂರು ಫ್ಲಾಟ್! ಕೈ ಹೊರಟ ಕೀಗೇ ವಾಪಸ್ ಬಂದಿದೆ, ಕಾಗದ ಮಾತ್ರ ಎಲ್ಲೋ ದೂರ ಹೋಗಿದೆ. ಮಧ್ಯದಲ್ಲಿ ಎಲ್ಲಾದರೂ ಹೆಸರು ಬದಲಿಸಿ ತಪ್ಪಿಸಿಕೊಳ್ಳಬಹುದು. ಆದರೆ ಎಲ್ಲಿ ಬದಲಿಸಬೇಕು? ಮೂರು ಜಿಗಿತವೂ ಕಿವಿಗೆ ಒಂದೇ ಅಳತೆ. ಅದರಲ್ಲಿ ಒಂದಕ್ಕೆ ಮಾತ್ರ ಬೇರೆ ಅಂಕಿ ಬೀಳುತ್ತದೆ. ಒಂದು ಇಡೀ ಸಂಜೆ ಅಳಿಸಿ ಅಳಿಸಿ ಬರೆದೆ.

ಟೊನ್ನೆಟ್ಸ್‌ನಲ್ಲಿ ಸ್ವರಗಳೇ ಚುಕ್ಕೆಗಳು, ಪ್ರತಿ ಟ್ರಯಾಡ್ ಒಂದು ತ್ರಿಕೋನ. ತ್ರಿಕೋನವನ್ನು ಒಂದು ಅಂಚಿನ ಮೇಲೆ ಮಗುಚಿದರೆ ಎರಡು ಸ್ವರ ಉಳಿದು ಒಂದು ಬದಲಾಗುತ್ತದೆ. ಅದೇ ಹೆಸರಿನ ಮೇಜರ್–ಮೈನರ್ ಅದಲುಬದಲಿಗೆ 'ಪಿ' ಅಂತಾರೆ. ಮೇಜರ್‌ನ ಮೂಲ ಸ್ವರ ಅರ್ಧ ಮೆಟ್ಟಿಲು ಇಳಿದರೆ, ಇಲ್ಲವೇ ಮೈನರ್‌ನ ಐದನೆಯದು ಅರ್ಧ ಮೆಟ್ಟಿಲು ಏರಿದರೆ ಅದು 'ಎಲ್'. ಬ್ರಾಮ್ಸ್‌ನ ದಾರಿ ಪಿ, ಎಲ್, ಪಿ, ಎಲ್, ಪಿ, ಎಲ್. ಅಷ್ಟೇ!

ಪಿಯಾನೊ ಮೇಲೆ ನುಡಿಸಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಒಂದು ಬೆರಳು ಎ ಫ್ಲಾಟ್–ಜಿ ನಡುವೆ, ಇನ್ನೊಂದು ಸಿ–ಬಿ ನಡುವೆ, ಮತ್ತೊಂದು ಇ ಫ್ಲಾಟ್–ಇ ನಡುವೆ ಓಲಾಡುತ್ತದೆ. ಇಡೀ ಸುತ್ತಿಗೆ ಆರೇ ಸ್ವರ. ರೋಮನ್ ಅಂಕಿ ಇದನ್ನು ಒಂದು ದಿನವೂ ತೋರಿಸಿರಲಿಲ್ಲ.

(ಅಂದಹಾಗೆ, ಟೊನ್ನೆಟ್ಸ್ ಬಗ್ಗೆ ಓದುವಾಗ ಎದುರಾಗುವ ರೀಮಾನ್ ಸಂಗೀತ ಸಿದ್ಧಾಂತದ ಹ್ಯೂಗೊ, ಗಣಿತದ ರೀಮಾನ್ ಅಲ್ಲ. ನಾನೂ ಮೊದಲು ಬೇಸ್ತು ಬಿದ್ದಿದ್ದೆ.)

ಕೊರತೆಯೂ ಇದೆ. ಚಪ್ಪಟೆ ಹಾಳೆಯಲ್ಲಿ ಎ ಫ್ಲಾಟ್ ಎರಡು ಕಡೆ ಬರುತ್ತದೆ. ಹಾಳೆ ಸುತ್ತಿ ಅಂಟು ಹಾಕಿದೆ, ಸರಿಹೋಯಿತು. ಏಳನೆಯ ಸ್ವರ ಸೇರಿದ ಕಾರ್ಡ್‌ಗಳು ಒಂದು ತ್ರಿಕೋನದಲ್ಲಿ ಹಿಡಿಯುವುದಿಲ್ಲ, ಹಾಗಾಗಿ ವಾಗ್ನರ್‌ನ ಆಪೆರಾದ ನಾಲ್ಕು ಸ್ವರದ ಟ್ರಿಸ್ಟಾನ್ ಕಾರ್ಡ್ ಇದರಲ್ಲಿ ಸುಮ್ನೆ ಕೂರುವುದಿಲ್ಲ. ಯಾವ ಕಾರ್ಡ್ ಮನೆ, ಯಾವುದು ಮನೆಗೆ ಎಳೆಯುತ್ತದೆ ಅಂತಲೂ ಇದು ಹೇಳುವುದಿಲ್ಲ. ಕೇಡೆನ್ಸ್, ಅಂದರೆ ಸಂಗೀತದ ಸಾಲು ಮುಗಿಯುವ ನಿಲುಗಡೆ, ಬಂದ ಕಡೆ ನಾನು ಈಗಲೂ ರೋಮನ್ ಅಂಕಿಯನ್ನೇ ಬರೆಯುತ್ತೇನೆ.

ನಾನು ಪೆನ್ಸಿಲ್ ಹಿಡಿದು ಪಿಯಾನೊ ಮುಂದೆ ಕೂತು ಕಲಿಯುವವನು, ಖರ್ಚು ಮಾಡಲು ಜಾಸ್ತಿ ದುಡ್ಡೂ ಇಲ್ಲ. ಟೊನ್ನೆಟ್ಸ್‌ಗೆ ಬೇಕಾದದ್ದು ಒಂದು ಹಾಳೆ, ಒಂದಿಷ್ಟು ಗೋಂದು. ಕೋರ್ಸಿನ ಎರಡನೇ ಕಂತು ಕಟ್ಟಲಿಲ್ಲ.