ಒಳಗೆ ಮೆತ್ತಗಿದೆ ಅಂತ ಗಂಬೂಟು ತಗೋಬೇಡಿ

ಹೋದ ಮಳೆಗಾಲದಲ್ಲಿ ಮೊಣಕಾಲುದ್ದದ ಗಂಬೂಟು ಕೊಂಡೆ. ಒಳಗೆ ಕಂಬಳಿಯಂಥ ದಪ್ಪ ಲೈನಿಂಗ್ ಇತ್ತು. ಕಾಲಿಟ್ಟರೆ ಹಾಸಿಗೆ ಮೇಲೆ ನಿಂತ ಹಾಗೆ. ದಪ್ಪ ಕಾಲುಚೀಲ ಹಿಡಿಸಲಿ ಅಂತ ಒಂದು ಸೈಜ್ ದೊಡ್ಡದನ್ನೇ ಆರಿಸಿದೆ. ನಾನು ಮಾಡಿದ ತಪ್ಪುಗಳು ಈ ಎರಡೇ. ಆದರೆ ಒಂದಕ್ಕೊಂದು ಸೇರಿ ಕಾಲು ಕೆಡಿಸಿದವು.

ಮೊದಲ ದಿನವೇ ಗದ್ದೆಯ ಹುದುಲಿನಲ್ಲಿ ಬೂಟು ಹೂತುಕೊಂಡಿತು. ಕೆಸರು ಬೂಟನ್ನು ಸುತ್ತಲೂ ಹಿಡಿದುಕೊಳ್ಳುತ್ತದೆ, ಗಾಳಿ ಒಳಹೋಗಲು ಜಾಗವೇ ಇರುವುದಿಲ್ಲ. ಅದು ಗೊತ್ತಿಲ್ಲದೆ ನೇರ ಮೇಲಕ್ಕೆ ಎಳೆದೆ. ಸಡಿಲ ಬೂಟಿನಿಂದ ಕಾಲು ಮಾತ್ರ ಹೊರಬಂತು, ಬೂಟು ಅಲ್ಲೇ ಉಳಿಯಿತು. ನಾನು ಕೆಸರಿಗೆ ಕೈಯೂರಿ ಬಿದ್ದೆ. ಬೂಟಿನೊಳಗೆ ನೀರು ತುಂಬಿತು. (ಮೊದಲು ಹಿಮ್ಮಡಿ ಎತ್ತಿ, ಪಾದವನ್ನು ಅತ್ತಿತ್ತ ತಿರುಗಿಸಬೇಕು. ಗಾಳಿ ಹೊಕ್ಕ ಮೇಲೆ ಬೂಟು ತಾನೇ ಬಿಡುತ್ತದೆ.)

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ನೆನೆದ ಲೈನಿಂಗ್ ರಾತ್ರಿಯಿಡೀ ತಲೆಕೆಳಗಾಗಿ ಇಟ್ಟರೂ ಒಣಗಲಿಲ್ಲ. ಮಳೆಗಾಲದ ಗಾಳಿಯೇ ಒದ್ದೆ, ಅಲ್ವಾ? ಬೆಳಿಗ್ಗೆ ಅದೇ ಒದ್ದೆ ಬೂಟಿಗೆ ಕಾಲು ತುರುಕಿದೆ. ಹೊರಗಿನ ನೀರು ಒಳಬರದ ಹಾಗೆಯೇ ಬೆವರಿಗೂ ಹೊರಹೋಗಲು ದಾರಿಯಿಲ್ಲ, ರಬ್ಬರು ಉಸಿರಾಡುವುದಿಲ್ಲ. ಮೂರನೇ ದಿನಕ್ಕೆ ಪಾದದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತು, ಬೆರಳ ಸಂದಿಯಲ್ಲಿ ತುರಿಕೆ, ಹುಣ್ಣು. ಸಡಿಲ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಉಜ್ಜುತ್ತಿತ್ತು. ನೆನೆದು ಮೆತ್ತಗಾದ ಚರ್ಮ ಬೇಗ ಕಿತ್ತುಬಂತು. ಹತ್ತು ದಿನ ಗದ್ದೆಗಿಳಿಯಲಿಲ್ಲ.

ದಪ್ಪ ಲೈನಿಂಗ್ ಇರುವುದು ಚಳಿಗೆ. ಬೆಚ್ಚಗಿನ ಮಳೆಗಾಲಕ್ಕೆ ತೆಳು ಹತ್ತಿ ಬಟ್ಟೆಯದು ಸಾಕು, ಒಳಗಿನ ಅಡಿಹಾಸು ಕೈಯಲ್ಲಿ ತೆಗೆಯುವಂತಿದ್ದರೆ ಇನ್ನೂ ಒಳ್ಳೆಯದು. ಒಣಗಿಸುವಾಗ ಹಳೇ ಪೇಪರ್ ತುರುಕಿ, ನೆನೆದಾಗ ಬದಲಿಸಿ. ಒಲೆ ಪಕ್ಕ ಇಡಬೇಡಿ, ರಬ್ಬರು ಬಿರಿಯುತ್ತದೆ.

ಸೈಜ್ ನೋಡಲು ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನಡೆದು ನೋಡಿ. ಹಿಮ್ಮಡಿ ತುಸು ಏಳುವುದು ಸಹಜ, ಆದರೆ ಬೂಟಿನೊಳಗೆ ಪಾದ ಜಾರಾಡಿದರೆ ಬೇಡ. ಒಮ್ಮೆ ಕೂತು ಎದ್ದು ನೋಡಿ: ಬೂಟಿನ ಬಾಯಿ ಮೊಣಕಾಲ ಹಿಂದೆ ಒತ್ತಿದರೆ ಅದು ನಿಮಗೆ ಎತ್ತರ ಜಾಸ್ತಿ.

ಎತ್ತರವನ್ನು ನಿಮ್ಮ ಗದ್ದೆಯ ಆಳಕ್ಕೆ ಹೋಲಿಸಿ. ಕೆಸರೂ ನೀರೂ ಸೇರಿ ಬೂಟಿನ ಬಾಯಿಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲಬೇಕು. ಅದಕ್ಕಿಂತ ಆಳವಿದ್ದರೆ ಎಂಥ ಗಂಬೂಟೂ ಸುಮ್ನೆ ನೀರು ಹೊರುವ ಕೊಡ.

ಅಡಿಯ ಹಲ್ಲುಗಳನ್ನೂ ತಿರುಗಿಸಿ ನೋಡಿ. ನನ್ನದರಲ್ಲಿ ಒತ್ತೊತ್ತಾದ ಚಂದದ ಗೆರೆಗಳಿದ್ದವು. ಎರಡೇ ಹೆಜ್ಜೆಗೆ ಮಣ್ಣು ತುಂಬಿ ಅಡಿ ನುಣ್ಣಗಾಗಿ ಬದುವಿನ ಮೇಲೆ ಜಾರಿತು. ಈಗಿನ ಜೋಡಿಯ ಹಲ್ಲು ಆಳ, ನಡುವೆ ಬೆರಳು ತೂರುವಷ್ಟು ಜಾಗ. ನಡೆಯುತ್ತಿದ್ದಂತೆ ಮಣ್ಣು ತಾನಾಗಿ ಉದುರುತ್ತದೆ.