ನಿಮಿಷಕ್ಕೊಮ್ಮೆ ನೆಟ್ ನಿಲ್ಲುತ್ತಿದ್ದರೆ ಹೊಸ ರೂಟರ್ ತರುವ ಮುಂಚೆ ಇದನ್ನು ಓದಿ

ಬೇಡದ ರೂಟರಿಗೆ ಎರಡು ಸಾವಿರದ ಎಂಟುನೂರು ರೂಪಾಯಿ ಕೊಟ್ಟವನು ನಾನು. ನೀವು ಕೊಡಬೇಡಿ ಅಂತ ಬರೆಯುತ್ತಿದ್ದೇನೆ.

ನಾನಿರುವುದು ಬಳ್ಳಾರಿಯಲ್ಲಿ. ಇಲ್ಲಿಯ ನಾಲ್ಕು ಜೀನ್ಸ್ ಘಟಕಗಳ ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ. ಅವರ ಆಫೀಸಿನ ಕಂಪ್ಯೂಟರನ್ನು ಮನೆಯಿಂದಲೇ ರಿಮೋಟಿನಲ್ಲಿ ತೆಗೆದು ಕೆಲಸ ಮಾಡುವುದು. ಕೆಲವು ದಿನಗಳಿಂದ ಸ್ಕ್ರೀನ್ ಆಗಾಗ ಒಂದೆರಡು ಸೆಕೆಂಡ್ ಹೆಪ್ಪುಗಟ್ಟಿದಂತೆ ನಿಲ್ಲತೊಡಗಿತು. ಆಮೇಲೆ ಒತ್ತಿದ ಅಂಕಿಗಳೆಲ್ಲ ಒಟ್ಟಿಗೆ ಬಂದು ಬೀಳುತ್ತಿದ್ದವು. ಸೊನ್ನೆ ಒಂದು ಜಾಸ್ತಿ ಬಿದ್ದರೆ ಲೆಕ್ಕದವನ ಗತಿ ಏನು ಹೇಳಿ!

ನೆಟ್ ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. ಹುಡುಗ ಬಂದ, ರೂಟರ್ ಮುಟ್ಟಿ ನೋಡಿದ. "ಸಾರ್, ಬಿಸಿಲಿಗೆ ಕಾದು ಹೋಗೇತಿ, ಹೊಸದು ಹಾಕ್ರಿ" ಅಂದ. ಏಪ್ರಿಲ್ ತಿಂಗಳು. ಬಳ್ಳಾರಿಯವನಿಗೆ ಬಿಸಿಲಿನ ಮೇಲೆ ಏನು ಹೇಳಿದರೂ ನಂಬಿಕೆ ಬರುತ್ತದೆ. ಹಾಕಿಸಿದೆ. ನಿಲ್ಲುವುದು ನಿಲ್ಲಲಿಲ್ಲ. ಮತ್ತೆ ಕೇಳಿದರೆ, ಸ್ಪೀಡ್ ಸಾಲದು, ದೊಡ್ಡ ಪ್ಲಾನ್ ತಗೊಳ್ಳಿ ಅಂದ. ಅದನ್ನೂ ಮಾಡಿದೆ.

ಕೊನೆಗೆ ಕೊಪ್ಪಳದಲ್ಲಿರುವ ಅಕ್ಕನ ಮಗನಿಗೆ ಹೇಳಿಕೊಂಡೆ. ಅವನು ಕೇಳಿದ್ದು ಒಂದೇ ಮಾತು: "ಮಾಮಾ, ಯಾವಾಗ ಬೇಕಾದ್ರೂ ನಿಲ್ತದೋ, ಇಲ್ಲಾ ಗಡಿಯಾರ ಇಟ್ಟಂಗೆ ನಿಲ್ತದೋ?" ನಾನು ಅದನ್ನು ನೋಡಿಯೇ ಇರಲಿಲ್ಲ. ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನು ಹೊಡೀರಿ ಅಂದ:

```
ping -t -w 1000 192.168.1.1
```

ಇದು ರೂಟರಿಗೆ ಬಿಡದೆ "ಇದ್ದೀಯಾ?" ಅಂತ ಕೇಳುತ್ತಾ, ಪ್ರತಿ ಸಲ ಉತ್ತರ ಬಂತೋ ಇಲ್ಲವೋ ಅಂತ ಒಂದು ಸಾಲು ಬರೆಯುತ್ತದೆ. ಕೊನೆಯ ಅಂಕಿ ನನ್ನ ಮನೆಯ ರೂಟರಿನ ವಿಳಾಸ. ನಿಮ್ಮದು ಬೇರೆ ಇರಬಹುದು, `ipconfig` ಹೊಡೆದರೆ Default Gateway ಎದುರು ಕಾಣುತ್ತದೆ. `-w 1000` ಯಾಕೆಂದರೆ, ವಿಂಡೋಸಿನ ಪಿಂಗ್ ಸುಮ್ನೆ ಬಿಟ್ಟರೆ ಉತ್ತರಕ್ಕೆ ನಾಲ್ಕು ಸೆಕೆಂಡ್ ಕಾಯುತ್ತದೆ. ಒಂದೂವರೆ ಸೆಕೆಂಡ್ ತಡವಾದ ಉತ್ತರವನ್ನೂ ಅದು ಬಂತು ಅಂತಲೇ ಬರೆದುಕೊಳ್ಳುತ್ತದೆ. ಒಂದೇ ಸೆಕೆಂಡಿಗೆ ಕಟ್ಟಿಹಾಕಿದರೆ ಹೆಚ್ಚುಕಡಿಮೆ ಸಾಲಿಗೊಂದು ಸೆಕೆಂಡ್ ಲೆಕ್ಕ ಸಿಗುತ್ತದೆ.

ಸಾಲು ಎಣಿಸಿದೆ. ಐವತ್ತೆಂಟು ಒಳ್ಳೆಯ ಉತ್ತರ, ಆಮೇಲೆ ಎರಡು `Request timed out.` ಮತ್ತೆ ಐವತ್ತೆಂಟು, ಮತ್ತೆ ಎರಡು. ಹತ್ತು ನಿಮಿಷ ಹೀಗೇ. ಬಿಸಿಲಿಗೆ ಕಾದ ರೂಟರ್ ಇಷ್ಟು ಶಿಸ್ತಿನಿಂದ ಕೆಡುವುದಿಲ್ಲ, ಅಲ್ವಾ? ಇನ್ನೊಂದು ವಿಷಯ: ಈ ಪಿಂಗ್ ಮನೆಯ ರೂಟರ್ ದಾಟಿ ಹೊರಗೆ ಹೋಗಿಯೇ ಇಲ್ಲ. ಅಂದಮೇಲೆ ಹೊರಗಿನ ಕೇಬಲ್, ಪ್ಲಾನ್ ಯಾವುದರದ್ದೂ ತಪ್ಪಲ್ಲ. ಲ್ಯಾನ್ ವೈರ್ ಚುಚ್ಚಿ ಅದೇ ಪಿಂಗ್ ಹಾಕಿದೆ. ಒಂದೂ ತಪ್ಪಲಿಲ್ಲ. ಹೆಂಡತಿಯ ಲ್ಯಾಪ್‌ಟಾಪಿನಿಂದ ವೈಫೈ ಮೇಲೆಯೇ ಹಾಕಿದೆ. ಅಲ್ಲೂ ತಪ್ಪಲಿಲ್ಲ. ಉಳಿದದ್ದು ನನ್ನ ಕಂಪ್ಯೂಟರಿನ ವೈಫೈ ಮಾತ್ರ.

ನನ್ನದಕ್ಕೆ ಚುಚ್ಚಿರುವುದು ಅಗ್ಗದ ಯುಎಸ್‌ಬಿ ವೈಫೈ ಡಾಂಗಲ್. ಅದರ ಸಿಡಿಯಿಂದ ಬಂದ ಪ್ರೋಗ್ರಾಂ ಒಂದು ಸ್ಕ್ರೀನಿನ ಮೂಲೆಯ ಗಡಿಯಾರದ ಪಕ್ಕದಲ್ಲಿ ಕೂತಿತ್ತು. ಸುತ್ತಮುತ್ತ ಯಾವ ಯಾವ ವೈಫೈ ಇದೆ ಅಂತ ನಿಮಿಷಕ್ಕೊಮ್ಮೆ ಹುಡುಕಿ ಪಟ್ಟಿ ಹೊಸದು ಮಾಡುವುದು ಅದರ ಕೆಲಸ. ಡಾಂಗಲಿನಲ್ಲಿ ರೇಡಿಯೋ ಇರುವುದು ಒಂದೇ. ಅದು ಒಂದು ಸಲಕ್ಕೆ ಒಂದೇ ಚಾನೆಲ್ ಕೇಳಬಲ್ಲದು. ಹುಡುಕಲು ಹೋದಾಗ ನಮ್ಮ ರೂಟರಿನ ಚಾನೆಲ್ ಬಿಟ್ಟು ಹೋಗಲೇಬೇಕು. ರೂಟರುಗಳು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಸಲ ತಮ್ಮ ಹೆಸರು ಕೂಗುತ್ತಿರುತ್ತವೆ. ಒಂದು ಕೂಗು ಕೇಳಬೇಕೆಂದರೆ ಚಾನೆಲ್‌ಗೆ ಸೆಕೆಂಡಿನ ಹತ್ತನೇ ಒಂದು ಭಾಗ ಕಾಯಬೇಕು. 2.4 ಗಿಗಾಹರ್ಟ್ಸಿನ 13 ಚಾನೆಲ್ ಹೀಗೆ ಒಂದೇ ಓಟಕ್ಕೆ ಸುತ್ತಿ ಬರುವಷ್ಟರಲ್ಲಿ ಸೆಕೆಂಡ್ ಮೀರಿತು.

ಒಳ್ಳೆಯ ಡ್ರೈವರ್ ಇದ್ದರೆ ಹೋಗುವ ಮುಂಚೆ ರೂಟರಿಗೆ "ನಾನು ಮಲಗುತ್ತೇನೆ, ಬಂದದ್ದನ್ನು ಎತ್ತಿಡು" ಅಂತ ಹೇಳುತ್ತದೆ, ಮತ್ತೆ ನಡುನಡುವೆ ವಾಪಸ್ ಬಂದು ಎತ್ತಿಟ್ಟದ್ದನ್ನು ತೆಗೆದುಕೊಳ್ಳುತ್ತದೆ. ಆಗ ಪಿಂಗ್ ತಡವಾಗುತ್ತದೆ ಅಷ್ಟೇ. ನನ್ನದು ಅಷ್ಟು ಮರ್ಯಾದೆಯದಲ್ಲ.

ಪ್ರೋಗ್ರಾಂ ಮುಚ್ಚಿದೆ. ಅರ್ಧ ಗಂಟೆ ಒಂದೂ ಸಾಲು ತಪ್ಪಲಿಲ್ಲ. ಮತ್ತೆ ತೆರೆದೆ, ಮತ್ತೆ ನಿಮಿಷಕ್ಕೆರಡು. ಅನುಮಾನ ಮುಗಿಯಿತು, ಕಿತ್ತುಹಾಕಿದೆ.

ಅಂಥ ಪ್ರೋಗ್ರಾಂ ಇಲ್ಲದೆಯೂ ಹೀಗಾಗಬಹುದು, ವಿಂಡೋಸ್ ತಾನೇ ಹುಡುಕುತ್ತಿದ್ದರೆ. ಅದನ್ನು ಪರೀಕ್ಷಿಸಲು ಅಡ್ಮಿನಿಸ್ಟ್ರೇಟರ್ ಆಗಿ ಇದನ್ನು ಹೊಡೆದು ನೋಡಿ:

```
netsh wlan set autoconfig enabled=no interface="Wi-Fi"
```

ಇದನ್ನು ಹಾಗೇ ಬಿಟ್ಟರೆ ಬೇರೆ ವೈಫೈ ಕಾಣುವುದಿಲ್ಲ, ಕಡಿದುಹೋದರೆ ತಾನಾಗಿ ಸೇರಿಕೊಳ್ಳುವುದೂ ಇಲ್ಲ. ಪರೀಕ್ಷೆ ಮುಗಿದ ಮೇಲೆ `enabled=yes` ಮಾಡಿ. ಒಂದೇ ಹೆಸರಿನ ಎರಡು ರೂಟರ್ ಮನೆಯಲ್ಲಿದ್ದರೆ ವೈಫೈ ಅಡಾಪ್ಟರಿನ Advanced ಪುಟದಲ್ಲಿ Roaming Aggressiveness ಇದೆಯಾ ನೋಡಿ, ಇದ್ದರೆ ಕಡಿಮೆ ಮಾಡಿ. ಸಿಗ್ನಲ್ ಸ್ವಲ್ಪ ಇಳಿದರೂ ಇನ್ನೊಂದನ್ನು ಹುಡುಕಲು ಓಡುವ ಚಟ ಅದರಿಂದ ತಗ್ಗುತ್ತದೆ.

ರೂಟರಿನದೇ ತಪ್ಪಾಗಿದ್ದರೆ ಗುರುತು ಬೇರೆ. ಆಗ ಮನೆಯ ಎಲ್ಲ ಫೋನ್, ಲ್ಯಾಪ್‌ಟಾಪ್ ಒಂದೇ ಕ್ಷಣಕ್ಕೆ ನಿಲ್ಲುತ್ತವೆ. ಗಂಟೆಗೊಮ್ಮೆ ವೈಫೈ ಮೇಲೆ ಮಾತ್ರ ಹಾಗಾದರೆ ರೂಟರ್ ತನ್ನ ವೈಫೈಯಲ್ಲಿರುವ ಎಲ್ಲದಕ್ಕೂ ಹಂಚುವ ಗುಪ್ತ ಕೀಲಿಯನ್ನು, ಅಂದರೆ ಗ್ರೂಪ್ ಕೀಯನ್ನು, ಬದಲಿಸುವ ಹೊತ್ತನ್ನು ಮೊದಲು ನೋಡಿ. ಬಹಳ ರೂಟರುಗಳಲ್ಲಿ ಅದು 3600 ಸೆಕೆಂಡ್ ಅಂತಲೇ ಇರುತ್ತದೆ.

ಹುಡುಗನಿಗೆ ಫೋನ್ ಮಾಡಿ ಹೇಳಿದೆ. "ಹೌದಾ ಸಾರ್, ಆದ್ರೂ ಹೊಸ ರೂಟರ್ ಚಲೋ ಐತಲ್ರಿ" ಅಂದ. ಕಾದು ಹೋಗಿದೆ ಅಂದ ಹಳೆಯದು ಈಗ ಕೊಪ್ಪಳದಲ್ಲಿ, ಅಕ್ಕನ ಮನೆಯಲ್ಲಿ ಓಡುತ್ತಿದೆ.