60 ಪಿಕ್ಸೆಲ್ಲೋ, 7 ನೆರೆಹಕ್ಕಿಗಳೋ?

ಗೆಳೆಯರೊಬ್ಬರ ಕಿರುಚಿತ್ರಕ್ಕೆ ಎರಡು ದೃಶ್ಯ ಮಾಡಿಕೊಡಬೇಕಿತ್ತು. ಮುಸ್ಸಂಜೆ ಹೊತ್ತಿಗೆ ಗೂಡಿಗೆ ಮರಳುವ ಹಕ್ಕಿಗಳ ಹಿಂಡು ಒಂದು, ಕೆರೆಯ ನೀರೊಳಗೆ ಮೀನಿನ ಹಿಂಡು ಇನ್ನೊಂದು. ಹಕ್ಕಿಗಳ ಮೇಲೆ ಒಮ್ಮೆ ಗಿಡುಗ ಎರಗಬೇಕು, ಹಿಂಡು ಸೀಳಬೇಕು, ಮತ್ತೆ ಕೂಡಬೇಕು. ಒಂದೊಂದು ಹಕ್ಕಿಯನ್ನೂ ಕೈಯಲ್ಲಿ ಆಡಿಸುವುದು ಆಗದ ಮಾತು. ಹಾಗಾಗಿ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ ‘ಬಾಯ್ಡ್ಸ್’ ಎಂಬ, ಕಂಪ್ಯೂಟರಿನಲ್ಲಿ ಹಿಂಡನ್ನು ಆಡಿಸುವ ವಿಧಾನವನ್ನೇ ಹಿಡಿದು, ಚಿತ್ರ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ p5.js ನಲ್ಲಿ ಕೂತೆ.

ಅದರಲ್ಲಿರುವುದು ಮೂರೇ ನಿಯಮ. ಪಕ್ಕದ ಹಕ್ಕಿಗೆ ಡಿಕ್ಕಿಯಾಗದಂತೆ ಸರಿದುಕೊಳ್ಳುವುದು ಸೆಪರೇಶನ್. ಅಕ್ಕಪಕ್ಕದವರು ಹೋಗುವ ಕಡೆಗೇ ಮೂತಿ ತಿರುಗಿಸುವುದು ಅಲೈನ್‌ಮೆಂಟ್. ಅವರೆಲ್ಲರ ನಡುಮಧ್ಯಕ್ಕೆ ಎಳೆದುಕೊಳ್ಳುವುದು ಕೊಹೀಷನ್. ನಾನು ಅಂತರ, ದಿಕ್ಕು, ಸೆಳೆತ ಎಂದೇ ಕರೆಯುತ್ತೇನೆ. ಮೊದಲ ಎರಡು ವಾರ ಈ ಮೂರರ ತೂಕವನ್ನು ಹೆಚ್ಚು ಕಡಿಮೆ ಮಾಡುತ್ತಲೇ ಕಳೆದೆ. ಹಿಂಡು ನಿಜವಾಗಿ ಕಾಣದಿರಲು ತೂಕ ಕಾರಣವಲ್ಲ, ‘ಅಕ್ಕಪಕ್ಕದವರು’ ಯಾರು ಎಂದು ಹೇಗೆ ಆರಿಸುತ್ತೇವೆ ಅನ್ನುವುದು ಕಾರಣ ಎಂದು ಆಮೇಲೆ ತಿಳಿಯಿತು.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ: ಹಕ್ಕಿಯ ಸುತ್ತ 60 ಪಿಕ್ಸೆಲ್ ತ್ರಿಜ್ಯದ ವೃತ್ತ, ಅದರೊಳಗೆ ಬಂದವರೆಲ್ಲ ನೆರೆಯವರು. 1200×700ರ ಪರದೆ, 300 ಹಕ್ಕಿ. ಶುರುವಿನಲ್ಲಿ ಹಕ್ಕಿಗಳು ಪರದೆ ತುಂಬ ಚೆಲ್ಲಿಕೊಂಡಿರುವಾಗ ಲೆಕ್ಕ ಹಾಕಿದರೆ ಒಂದೊಂದಕ್ಕೆ ಸರಾಸರಿ 4 ನೆರೆಯವರು. ಅವೇ ಹಕ್ಕಿಗಳು 150 ಪಿಕ್ಸೆಲ್ ತ್ರಿಜ್ಯದ ಗುಂಪಾಗಿ ಒತ್ತಿಕೊಂಡಾಗ ಅದು 48ರ ಹತ್ತಿರಕ್ಕೆ ಹೋಗುತ್ತದೆ. ನಿಯಮ ಒಂದಿಷ್ಟೂ ಬದಲಾಗಿಲ್ಲ, ಹಕ್ಕಿ ಕೇಳುವ ಮಾತು ಮಾತ್ರ ಹನ್ನೆರಡು ಪಟ್ಟು ಆಗಿದೆ. 48 ಜನರ ದಿಕ್ಕಿನ ಸರಾಸರಿ ತೆಗೆದರೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಹಿಂಡು ಹಲಗೆಯಂತೆ ಸೆಟೆದುಕೊಂಡು ಇಡಿಯಾಗಿ ತಿರುಗುತ್ತದೆ. ಒಂದು ಅಂಚಿನಲ್ಲಿ ಎದ್ದ ತಿರುವು ಇನ್ನೊಂದು ಅಂಚಿಗೆ ಅಲೆಯಾಗಿ ಹರಿಯುವುದು ಕಾಣುವುದೇ ಇಲ್ಲ.

ಗಿಡುಗ ಬಂದಾಗ ಇದರ ಇನ್ನೊಂದು ಮುಖ ಕಾಣಿಸಿತು. ಹಕ್ಕಿಗಳು ಚದುರಿದವು, ಎರಡು ತುಂಡಿನ ನಡುವೆ 60 ಪಿಕ್ಸೆಲ್‌ಗಿಂತ ಹೆಚ್ಚು ಬಯಲು ಬಿತ್ತು. ಅಲ್ಲಿಗೆ ಆ ಎರಡಕ್ಕೂ ಒಂದರ ಇರವು ಇನ್ನೊಂದಕ್ಕೆ ಗೊತ್ತಿಲ್ಲ. ಗಿಡುಗ ಹೋಗಿ ಎಷ್ಟೋ ಹೊತ್ತಾದರೂ ಎರಡು ಗುಂಪು ತಮ್ಮ ಪಾಡಿಗೆ ತಾವು. ಒಂಟಿಯಾಗಿ ಉಳಿದ ಒಂದು ಹಕ್ಕಿಯಂತೂ ಸುತ್ತ ಯಾರೂ ಇಲ್ಲದ್ದರಿಂದ ನೇರ ಗೆರೆಯಲ್ಲಿ ಪರದೆಯಾಚೆ ಹೊರಟೇಹೋಯಿತು. ತ್ರಿಜ್ಯವನ್ನು 150ಕ್ಕೆ ಏರಿಸಿ ನೋಡಿದೆ. ಕೂಡಿಕೊಂಡವು, ಆದರೆ ಹಲಗೆಯ ಕಾಟ ಇನ್ನೂ ಜಾಸ್ತಿ.

ಎರಡನೆಯ ದಾರಿಗೆ ಮೂಲ ರೋಮ್ ನಗರದ ಆಕಾಶ. ಅಲ್ಲಿನ ಟೆರ್ಮಿನಿ ರೈಲು ನಿಲ್ದಾಣದ ಮೇಲೆ ಚಳಿಗಾಲದ ಸಂಜೆ ಸ್ಟಾರ್ಲಿಂಗ್ ಹಕ್ಕಿಗಳು ಹಿಂಡುಗಟ್ಟುತ್ತವೆ. ಒಂದು ತಂಡ ಅವನ್ನು ಒಂದೇ ಕ್ಷಣದಲ್ಲಿ ಬೇರೆಬೇರೆ ಕೋನದಿಂದ ಕ್ಯಾಮೆರಾಗಳಲ್ಲಿ ಹಿಡಿದು, ಪ್ರತಿ ಹಕ್ಕಿ ಎಲ್ಲಿದೆಯೆಂದು ಮೂರು ಆಯಾಮದಲ್ಲಿ ಗುರುತಿಸಿತು. 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜಾರ್ಜಿಯೊ ಪರೀಸಿ ಆ ತಂಡದಲ್ಲಿದ್ದರು. 2008ರಲ್ಲಿ ಆ ತಂಡ ಹೇಳಿದ್ದು ಇಷ್ಟು: ಹಕ್ಕಿ ‘ಇಷ್ಟು ಮೀಟರ್ ಒಳಗಿನವರು’ ಎಂದು ಲೆಕ್ಕ ಇಡುವುದಿಲ್ಲ. ಹತ್ತಿರದ ಆರೇಳು ಹಕ್ಕಿಗಳ ಜೊತೆ ಹೊಂದಿಕೊಳ್ಳುತ್ತದೆ, ಅವು ಎಷ್ಟೇ ದೂರವಿರಲಿ.

```js
const d2 = (a, b) => (a.x-b.x)**2 + (a.y-b.y)**2;

function nearest(b, flock, k) {
  return flock.filter(o => o !== b)
    .sort((p, q) => d2(b, p) - d2(b, q))
    .slice(0, k);
}
```

ಇಷ್ಟನ್ನೇ ಬದಲಿಸಿ `k` ಗೆ 7 ಕೊಟ್ಟೆ. ಮೊದಲ ಸಲ ಓಡಿಸಿದಾಗ ಕುರ್ಚಿಯಿಂದ ಎದ್ದು ನಿಂತು ನೋಡಿದೆ. ಹಿಂಡು ಒತ್ತಾದರೂ ಚದುರಿದರೂ ಪ್ರತಿ ಹಕ್ಕಿ ಕೇಳುವುದು ಏಳೇ ಮಾತು, ಹಾಗಾಗಿ ಒಂದು ಕಡೆಯ ತಿರುವು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಹೊಗೆ ಹೊರಳಿದ ಹಾಗೆ ಹಿಂಡು ಹೊರಳುತ್ತದೆ. ಒಂಟಿ ಹಕ್ಕಿಗೂ ಯಾವಾಗಲೂ ಏಳು ನೆರೆಯವರಿರುವುದರಿಂದ ಅದು ತಪ್ಪದೆ ಮರಳಿ ಬರುತ್ತದೆ.

ಆದರೆ ಇದಕ್ಕೂ ಒಂದು ತೊಡಕಿದೆ. ಕಣ್ಣಿಟ್ಟು ಕಾಯದಿದ್ದರೆ ಅದು ಸಿಗುವುದೂ ಇಲ್ಲ. ಎಂಟು ಹಕ್ಕಿಗಳು ಒಟ್ಟಿಗೆ ತುಂಡಾದವು ಎನ್ನಿ. ಪ್ರತಿಯೊಂದಕ್ಕೂ ಹತ್ತಿರದ ಏಳು ಅಂದರೆ ಉಳಿದ ಏಳೇ. ಹೊರಗಿನ 292 ಹಕ್ಕಿಗಳಲ್ಲಿ ಒಂದೂ ಅವುಗಳ ಪಟ್ಟಿಯಲ್ಲಿ ಇಲ್ಲ. ಏಳು ಹಕ್ಕಿಗಳ ತುಂಡು ಮರಳಿ ಬರುತ್ತದೆ, ಎಂಟರದ್ದು ಬಾರದೇ ಇರಬಹುದು. ನಿಮ್ಮ ಹಿಂಡಿನಲ್ಲಿ ಹೀಗಾಗಿದೆಯೇ ಎಂದು ತಿಳಿಯಲು ಹಕ್ಕಿಯಿಂದ ನೆರೆಹಕ್ಕಿಗೆ ಗೆರೆ ಎಳೆದು ಪರದೆಯ ಮೇಲೆ ತೋರಿಸಿ. ಎರಡು ಬಲೆಗಳ ನಡುವೆ ಒಂದು ಗೆರೆಯೂ ಇಲ್ಲದಿದ್ದರೆ ಅವು ಎದುರುಬದುರಾಗುವುದು ಕಾಕತಾಳೀಯ ಅಷ್ಟೆ.

ಪರಿಹಾರವಾಗಿ ಮೂರನೆಯದನ್ನು ಮಾಡಿದೆ. ಹಕ್ಕಿಯ ಸುತ್ತಲಿನ 360 ಡಿಗ್ರಿಯನ್ನು 60ರ ಆರು ಹೋಳು ಮಾಡಿ, ಪ್ರತಿ ಹೋಳಿನಲ್ಲಿ ಹತ್ತಿರದವನೊಬ್ಬನನ್ನು ಆರಿಸುವುದು. ಅಂಚಿನ ಹಕ್ಕಿಗೆ ಹೊರಗಿನ ಹೋಳಿನಲ್ಲಿ ಬಯಲಾಚೆಯ ಗುಂಪೇ ಸಿಗುತ್ತದೆ, ಹಾಗಾಗಿ ತುಂಡುಗಳು ಒಂದನ್ನೊಂದು ಮರೆಯುವುದಿಲ್ಲ. ಇದನ್ನು ಎಲ್ಲಾ ನಿಯಮಕ್ಕೂ ಹಾಕಿದರೆ ಹಿಂಡು ರಬ್ಬರಿನಂತಾಗುತ್ತದೆ, ಗಿಡುಗ ಎರಗಿದರೂ ಸೀಳುವುದಿಲ್ಲ. ಕೊನೆಗೆ ಹೀಗೆ ಹಂಚಿದೆ: ದಿಕ್ಕಿಗೆ ಹತ್ತಿರದ ಏಳು, ಸೆಳೆತಕ್ಕೆ ಆರು ಹೋಳು, ಅಂತರಕ್ಕೆ 15 ಪಿಕ್ಸೆಲ್‌ನ ವೃತ್ತ. ಅಂತರವನ್ನು ಮಾತ್ರ ಎಣಿಕೆಗೆ ಬಿಡಲೇಬಾರದು. ಮೈಗೆ ಮೈ ತಾಗುವುದು ದೂರದ ವಿಚಾರ. ಅದನ್ನೂ ಏಳಕ್ಕೆ ಕಟ್ಟಿದಾಗ 200 ಪಿಕ್ಸೆಲ್ ಆಚೆಯವನಿಂದಲೂ ಹಕ್ಕಿ ಬೆದರಿ ಸರಿಯುತ್ತಿತ್ತು.

ವೇಗದ ಬಗ್ಗೆ ಒಂದು ಮಾತು. ಮೇಲಿನ ಕೋಡ್ 300 ಹಕ್ಕಿಗೆ ಸಾಕು. 2000 ಆದರೆ ಒಂದು ಫ್ರೇಮಿಗೆ 40 ಲಕ್ಷ ಜೋಡಿಗಳನ್ನು ಅಳೆಯಬೇಕು, ಮೇಲೆ ಸಾರ್ಟಿಂಗ್ ಬೇರೆ. ವೃತ್ತದ ವಿಧಾನಕ್ಕೆ ಪರದೆಯನ್ನು 60 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ ಒಂಬತ್ತು ಚೌಕ ನೋಡಿದರೆ ಮುಗಿಯಿತು. ಏಳರ ವಿಧಾನದಲ್ಲಿ ಏಳು ಸಿಗುವವರೆಗೆ ಚೌಕಗಳನ್ನು ಹಿಗ್ಗಿಸುತ್ತಾ ಹೋಗಬೇಕು. ಈ ಒಂದು ವಿಷಯದಲ್ಲಿ ವೃತ್ತವೇ ಸಲೀಸು.

ಮೀನಿಗೆ ಬಂದಾಗ ನನ್ನ ತೀರ್ಮಾನ ತಿರುಗಿತು. ನನಗೆ ಬೇಕಿದ್ದದ್ದು ನಡುವೆ ಖಾಲಿ ಬಿಟ್ಟು ಗಾಣದಂತೆ ಸುತ್ತುವ ಹಿಂಡು. ಏಳರ ನಿಯಮದಲ್ಲಿ ಎಷ್ಟು ತಿದ್ದಿದರೂ ಮೀನುಗಳು ಒಂದೇ ಕಡೆ ಸಾಲಾಗಿ ಹೊರಟುಬಿಡುತ್ತಿದ್ದವು. 2002ರಲ್ಲಿ ಇಯಾನ್ ಕೂಜಿನ್ ಮತ್ತು ಸಂಗಡಿಗರು ಪ್ರಕಟಿಸಿದ ವಲಯಗಳ ಮಾದರಿ ಕೈಹಿಡಿಯಿತು. ಇದು ಮತ್ತೆ ದೂರದ ಲೆಕ್ಕವೇ. ಒಂದರ ಸುತ್ತ ಒಂದು ಮೂರು ವಲಯ: ಒಳಗಿನದು ಅಂತರಕ್ಕೆ, ನಡುವಿನದು ದಿಕ್ಕಿಗೆ, ಹೊರಗಿನದು ಸೆಳೆತಕ್ಕೆ. ಒಳವಲಯದಲ್ಲಿ ಯಾರಾದರೂ ಇದ್ದರೆ ಉಳಿದ ಎರಡನ್ನು ಆ ಫ್ರೇಮಿನಲ್ಲಿ ಕೇಳುವುದೇ ಇಲ್ಲ. ಬೆನ್ನ ಹಿಂದೆ ಕಾಣದ ಒಂದು ಕೋನ ಬಿಡಬೇಕು, ಒಂದು ಫ್ರೇಮಿಗೆ ಇಷ್ಟೇ ತಿರುಗಬಹುದು ಎಂಬ ಮಿತಿ ಬೇಕು.

ನನ್ನ ಕೆರೆಯಲ್ಲಿ ಒಳವಲಯ 12, ದಿಕ್ಕಿನದು 30, ಸೆಳೆತದ್ದು 150 ಪಿಕ್ಸೆಲ್ ವರೆಗೆ. ದಿಕ್ಕಿನ ವಲಯ ಹೀಗೆ ಕಿರಿದಾಗಿದ್ದಾಗಲೇ ಗಾಣ ಹುಟ್ಟುತ್ತದೆ. ಪ್ರತಿ ಮೀನು ಪಕ್ಕದವನ ಜೊತೆ ಸಾಲು ಹಿಡಿಯುತ್ತದೆ, ಹೊರಗಿನ ಸೆಳೆತ ಆ ಸಾಲನ್ನು ಒಳಕ್ಕೆ ಬಾಗಿಸುತ್ತದೆ. ದಿಕ್ಕಿನ ವಲಯವನ್ನು 90ಕ್ಕೆ ಹಿಗ್ಗಿಸಿದರೆ ಗಾಣ ಬಿಚ್ಚಿ ಹಿಂಡು ಒಂದೇ ಕಡೆ ಹೊರಡುತ್ತದೆ. ಮತ್ತೆ 30ಕ್ಕೆ ಇಳಿಸಿದರೆ ಗಾಣ ಕೂಡಲೇ ಮರಳುತ್ತದೆ ಎಂದು ನಂಬಿ ನಾನು ಒಂದು ರಾತ್ರಿ ಇಲ್ಲದ ತಪ್ಪನ್ನು ಕೋಡಿನಲ್ಲಿ ಹುಡುಕಿದೆ. ಹಿಂಡು ಈಗ ಯಾವ ರೂಪ ತಾಳುತ್ತದೆ ಎನ್ನುವುದು ಹಿಂದೆ ಯಾವ ರೂಪದಲ್ಲಿತ್ತು ಎಂಬುದರ ಮೇಲೂ ನಿಂತಿದೆ. ಕೂಜಿನ್ ತಂಡ ಇದನ್ನು ಹಿಂಡಿನ ಸಾಮೂಹಿಕ ನೆನಪು ಎಂದೇ ಕರೆದಿದೆ. ಆದ್ದರಿಂದ ಗಾಣ ಬೇಕಾದ ದೃಶ್ಯವನ್ನು ನಾನು ಸಾಲಾಗಿ ಹೋಗುವ ಹಿಂಡಿನಿಂದ ಶುರು ಮಾಡುವುದಿಲ್ಲ. ಮೀನುಗಳನ್ನು ಮನಬಂದ ದಿಕ್ಕಿಗೆ ಚೆಲ್ಲಿ, ವಲಯವನ್ನು 30ರಲ್ಲೇ ಇಟ್ಟು, ಸುತ್ತು ಕಟ್ಟಿಕೊಳ್ಳುವವರೆಗೆ ಓಡಲು ಬಿಟ್ಟು, ಆಮೇಲೆ ರೆಕಾರ್ಡಿಂಗ್ ಒತ್ತುತ್ತೇನೆ.